ಹತ್ತು ಗಾದೆ, ಐದು ಜೋಡಿ

ಪುಣೆಯ ನಮ್ಮ ಸೊಸೈಟಿಯಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಮನೆಯಲ್ಲಿ ಕನ್ನಡ ಮಾತಾಡುವ, ಶಾಲೆಯಲ್ಲಿ ಮರಾಠಿ ಓದುವ ಮಕ್ಕಳು. ಅವರಿಗಾಗಿ ಹತ್ತು ಗಾದೆಗಳ ಒಂದು ಪುಟ್ಟ ಪುಸ್ತಿಕೆ ಮಾಡಿದೆ. ಗಾದೆ ಆರಿಸಲು ಒಂದು ಸಂಜೆ ಸಾಕಾಯಿತು. ಯಾವುದರ ಹಿಂದೆ ಯಾವುದು ಎಂದು ಗೊತ್ತುಮಾಡಲು ಮೂರು ವಾರ ಬೇಕಾಯಿತು.

ಮೊದಲು ಸುಮ್ನೆ ಅಕಾರಾದಿಯಾಗಿ ಜೋಡಿಸಿದ್ದೆ. ಹಾಗಾಗಿ ಮೊದಲ ಪುಟಕ್ಕೇ 'ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ' ಬಂತು. ಮಕ್ಕಳು 'ಐಶ್ವರ್ಯ'ದಲ್ಲೇ ನಿಂತರು. ಅರ್ಕಾವತ್ತು ಅವರಿಗೆ ನಿಜವಾಗಿ ಕಷ್ಟ. ಮರಾಠಿಯಲ್ಲಿ ಆ ರಕಾರ ಅಕ್ಷರದ ತಲೆಯ ಮೇಲೆ ಕೂರುತ್ತದೆ. ನಮ್ಮಲ್ಲಿ ಅಕ್ಷರದ ನಂತರ ಬರೆದು ಮೊದಲೇ ಉಚ್ಚರಿಸಬೇಕು. ಓದಿ ಮುಗಿಸಿದವರಿಗೂ ಪುಸ್ತಕ ಯಾರನ್ನೋ ಹಂಗಿಸುತ್ತಾ ಶುರುವಾದಂತೆ ಅನಿಸಿತು.

ಆಮೇಲೆ ಪ್ರತಿ ಗಾದೆಯನ್ನೂ ಒಂದೊಂದು ಚೀಟಿಯಲ್ಲಿ ಬರೆದು ಮಕ್ಕಳಿಂದ ಗಟ್ಟಿಯಾಗಿ ಓದಿಸಿದೆ. ತಡವರಿಸಿದ ಅಕ್ಷರಕ್ಕೆ ಗೆರೆ ಎಳೆದೆ. ಅರ್ಥ ಕೇಳಿದಾಗ ಸುಮ್ಮನಾದರೆ ಚುಕ್ಕಿ ಇಟ್ಟೆ. ಗೆರೆ, ಚುಕ್ಕಿ ಎರಡೂ ಒಂದೇ ಚೀಟಿಯಲ್ಲಿ ಇರಲೇಬೇಕೆಂದಿಲ್ಲ ಎಂದು ಆಗಲೇ ತಿಳಿದದ್ದು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದರಲ್ಲಿ ಒಂದೂ ಒತ್ತಕ್ಷರ ಇಲ್ಲ. ಸರಾಗ ಓದಿದರು. ಆದರೆ ಗದ್ದೆಯನ್ನೇ ನೋಡದ ಮಕ್ಕಳು, ಕೆಸರಿಗೂ ಮೊಸರಿಗೂ ಏನು ಸಂಬಂಧ ಎಂದು ಕೇಳಿದರು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಓದುವಾಗ 'ದ್ದ', 'ಷ್ಟು' ಎರಡರಲ್ಲೂ ತಡವರಿಸಿದ ಹುಡುಗಿ ಅರ್ಥಕ್ಕೆ ತಡಮಾಡಲಿಲ್ಲ. "ಇದು ಅಂಥರೂಣ ಪಾಹೂನ ಪಾಯ ಪಸರಾವೇ ಅಲ್ಲೇನ್ರಿ ಅಕ್ಕಾ?" ಎಂದಳು.

ಅಲ್ಲಿಂದ ನನಗೆ ದಾರಿ ಸಿಕ್ಕಿತು. ಮರಾಠಿಯಲ್ಲಿ ಜೊತೆಗಾರ ಇರುವ ಗಾದೆ ಈ ಮಕ್ಕಳಿಗೆ ಅರ್ಧ ಗೊತ್ತಿರುವ ಗಾದೆ. 'ಹನಿ ಹನಿಗೂಡಿದರೆ ಹಳ್ಳ' ಎಂದರೆ ಅವರ 'ಥೆಂಬೇ ಥೆಂಬೇ ತಳೇ ಸಾಚೇ'. ಬೆಂಗಳೂರಿನ ಮಕ್ಕಳಿಗೆ ಮಾಡಿದ್ದರೆ ನನ್ನ ಕ್ರಮ ಬೇರೆಯೇ ಆಗುತ್ತಿತ್ತು.

ಇನ್ನು ಪುಟದ ಲೆಕ್ಕ. ಮೂರು ಎ4 ಹಾಳೆ ಮಡಚಿ ನಡುವೆ ಪಿನ್ ಹೊಡೆದರೆ 12 ಪುಟ. ಮೊದಲನೆಯದು ಹೆಸರಿಗೆ, ಕೊನೆಯದು ಖಾಲಿ. ಉಳಿದ 2ರಿಂದ 11ರ ತನಕ ಹತ್ತು ಗಾದೆ. ಪುಸ್ತಕ ತೆರೆದರೆ ಎರಡು ಪುಟ ಒಟ್ಟಿಗೆ ಕಾಣುತ್ತವೆ. ಅಂದರೆ ಓದುವವರಿಗೆ ಸಿಗುವುದು ಹತ್ತು ಬಿಡಿ ಗಾದೆಯಲ್ಲ, ಐದು ಜೋಡಿ. ಇದು ನನಗೆ ಖಾಲಿ ಹಾಳೆ ಮಡಚಿ ಚೀಟಿ ಅಂಟಿಸಿದಾಗಲೇ ಕಂಡದ್ದು. ಪಟ್ಟಿಯಲ್ಲಿ ಕಾಣುವುದಿಲ್ಲ.

ಮೊದಲ ಜೋಡಿ ಹನಿ ಮತ್ತು ಹಾಸಿಗೆ. ಹಾಳೆ ತಿರುವಿದರೆ ಕೆಸರು-ಮೊಸರು, ಎದುರಿಗೆ 'ಬೆಳ್ಳಗಿರುವುದೆಲ್ಲ ಹಾಲಲ್ಲ'. ಮೊಸರಿನಿಂದ ಹಾಲಿಗೆ ಬರುವುದು ಮಕ್ಕಳಿಗೆ ಆಟ. ಒತ್ತಕ್ಷರ ಬಂದರೂ 'ಳ್ಳ', 'ಲ್ಲ' ಹೀಗೆ ಅದೇ ಅಕ್ಷರಕ್ಕೆ ಅದೇ ಒತ್ತು, ಅಷ್ಟೇನೂ ತೊಡಕಿಲ್ಲ. ನಡುವಿನ 6, 7ನೇ ಪುಟ ಒಂದೇ ಹಾಳೆ. ಚಿತ್ರ ಎರಡೂ ಪುಟಕ್ಕೆ ಹರಡಬಹುದು. ಅಲ್ಲಿ ನಗು ಇಟ್ಟೆ: 'ಕುಣಿಯಲಾರದವಳು ನೆಲ ಡೊಂಕು ಎಂದಳು', 'ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ'. ಒಂದು ಕಡೆ ಕುಣಿತ, ಇನ್ನೊಂದು ಕಡೆ ಸಂಗೀತ. 'ಅಲ್ಪನಿಗೆ ಐಶ್ವರ್ಯ' ಬಂದದ್ದು ಆಮೇಲೆ, 8ನೇ ಪುಟಕ್ಕೆ. ಎದುರಿಗೆ 'ತುಂಬಿದ ಕೊಡ ತುಳುಕುವುದಿಲ್ಲ'. ಹಂಗಿಸುವ ಮಾತಿಗೆ ಪಕ್ಕದಲ್ಲೇ ಸಮಾಧಾನ ಸಿಕ್ಕಿತು.

ಬಹಳ ಕಾಡಿದ್ದು 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ'. ಪ್ರಾಣಿಗಳಿವೆ ಎಂದು ಮೊದಲು ಕೋಣನ ಎದುರಿಗೇ ಇಟ್ಟಿದ್ದೆ. ಕೋಣನಿಗೆ ನಕ್ಕ ಮಕ್ಕಳು ಇಲಿಯ ಸಂಕಟಕ್ಕೂ ನಕ್ಕರು. ಗಾದೆಯಲ್ಲಿದ್ದ ನೋವು ಯಾರಿಗೂ ತಟ್ಟಲಿಲ್ಲ. ಅದೇ ಗಾದೆಯನ್ನು ತುಂಬಿದ ಕೊಡದ ಹಾಳೆಯ ಹಿಂಬದಿಗೆ, 10ನೇ ಪುಟಕ್ಕೆ ಹಾಕಿದೆ. ಚಿತ್ರವನ್ನೂ ತೆಗೆದೆ. ಓದಿದ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂತರ, ತನ್ನ ಶಾಲೆಯ ಬಸ್ಸಿನಲ್ಲಿ ಚಿಕ್ಕವನೊಬ್ಬನನ್ನು ಹುಡುಗರು ಗೋಳುಹೊಯ್ದುಕೊಳ್ಳುವುದನ್ನು ಹೇಳಿದ.

ಕೊನೆಗೆ 'ಹಿತ್ತಲ ಗಿಡ ಮದ್ದಲ್ಲ'. ಮೂರೇ ಪದ, ಓದಲು ಸುಲಭ. ಆದರೆ ಹೇಳಿದ್ದು ಒಂದು, ಅರ್ಥ ಇನ್ನೊಂದು. ಮದ್ದಲ್ಲ ಎಂದರೆ ಮದ್ದೇ, ನಾವು ಹಾಗೆ ಕಾಣುವುದಿಲ್ಲ ಅಷ್ಟೇ. ಒಂಬತ್ತು ಗಾದೆ ದಾಟಿ ಬಂದ ಮೇಲೂ ಹೆಚ್ಚಿನ ಮಕ್ಕಳು ಹಿತ್ತಲ ಗಿಡ ತಿನ್ನಬಾರದು ಅಂತಲೇ ಹೇಳಿದರು. ಅದಕ್ಕೇ 12ನೇ ಪುಟದ ಖಾಲಿ ಜಾಗವನ್ನು ಹಾಗೆಯೇ ಬಿಟ್ಟಿದ್ದೇನೆ. ಮನೆಗೆ ಹೋಗಿ ಅಜ್ಜಿಯನ್ನು ಕೇಳಿ, ಅವರು ಹೇಳಿದ ಅರ್ಥವನ್ನು ಅಲ್ಲಿ ಬರೆದುಕೊಂಡು ಬರುತ್ತಾರೆ.