ಬಾಟಲಿ, ಬಿಂದು, ಫೋಟೊ: ಮೂರಕ್ಕೂ ಒಂದೇ ನಂಬರು

ಮಂಗಳೂರಿನ ಕೂಳೂರಿನಲ್ಲಿ ಗುರುಪುರ ನದಿಯ ನೀರನ್ನು ಬೆಳಿಗ್ಗೆ ಅಳೆದರೆ ಒಂದು ಲೆಕ್ಕ, ಸಂಜೆ ಅಳೆದರೆ ಇನ್ನೊಂದು. ಅಳಿವೆ ದೂರವಿಲ್ಲ ಅಲ್ವಾ? ಉಬ್ಬರದಲ್ಲಿ ಸಮುದ್ರದ ಉಪ್ಪುನೀರು ಒಳಗೆ ಬರುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ಇಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬರೆಯದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಪರಿಸರ ವಿಜ್ಞಾನದ ಇಂಟರ್ನ್ ಆಗಿ ನೀರಿನ ಮಾದರಿ ತೆಗೆಯಲು ಹೊರಟವರು ಹೀಗೆ ಮಾಡಿ.

ಹೊರಡುವ ಮೊದಲು

ಪ್ರತಿ ಜಾಗಕ್ಕೆ ಒಂದು ನಂಬರು ಕೊಡಿ. ಗುರುಪುರ ನದಿಯ ಮೂರನೇ ಜಾಗ `GUR-03` ಆಗಲಿ. ಬಾಟಲಿಯ ಚೀಟಿ, ಪುಸ್ತಕದ ಸಾಲು, ಜಿಪಿಎಸ್ ಬಿಂದು, ಫೋಟೊ, ನಾಲ್ಕಕ್ಕೂ ಅದೇ ನಂಬರು, ಅದೇ ದಿನಾಂಕ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ನೀರು ತಾಗಿದರೆ ಹರಡಿಬಿಡಬಹುದು. ಮೊಬೈಲ್, ಕ್ಯಾಮೆರಾ, ಕೈಗಡಿಯಾರ ಎಲ್ಲದರ ಗಂಟೆಯೂ ಒಂದೇ ಇರುವಂತೆ ಸರಿಮಾಡಿಕೊಳ್ಳಿ.

ಬಿಂದು ಗುರುತಿಸುವುದು

ಆ್ಯಪ್ ತೆರೆದ ಕೂಡಲೇ ಕಾಣುವ ಅಂಕಿಯನ್ನು ಬರೆದುಕೊಳ್ಳಬೇಡಿ. ಬಯಲಿನಲ್ಲಿ ಒಂದೆರಡು ನಿಮಿಷ ನಿಲ್ಲಿ. ಪಕ್ಕದಲ್ಲಿ ತೋರಿಸುವ ತಪ್ಪಿನ ಅಳತೆ 5 ಮೀಟರ್ ಆಸುಪಾಸಿಗೆ ಇಳಿದ ಮೇಲೆ ಉಳಿಸಿಕೊಳ್ಳಿ. ಸೇತುವೆಯ ಅಡಿಯಲ್ಲಿ, ದಟ್ಟ ತೋಟದಲ್ಲಿ ಅದು ಇಳಿಯದೇ ಹೋಗಬಹುದು. ಆಗ ಬಂದಷ್ಟನ್ನೇ ಬರೆಯಿರಿ, ತಪ್ಪಿನ ಅಳತೆಯನ್ನೂ ಸೇರಿಸಿ.

ಡಿಗ್ರಿ-ನಿಮಿಷ-ಸೆಕೆಂಡನ್ನು ದಶಮಾಂಶದ ಜೊತೆ ಬೆರೆಸಿದಾಗ ದೊಡ್ಡ ಎಡವಟ್ಟಾಗುತ್ತದೆ. ಕೂಳೂರಿನ ಹತ್ತಿರದ ಒಂದು ಬಿಂದು 12°55'30", 74°49'40" ಎಂದಿಟ್ಟುಕೊಳ್ಳಿ. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಿದರೆ 12.92500, 74.82778 ಬರುತ್ತದೆ. ಅವಸರದಲ್ಲಿ 12.5530, 74.4940 ಎಂದು ಬರೆದರೆ ಬಿಂದು ಸುಮಾರು 41 ಕಿಲೋಮೀಟರ್ ದಕ್ಷಿಣಕ್ಕೆ, 36 ಕಿಲೋಮೀಟರ್ ಪಶ್ಚಿಮಕ್ಕೆ ಹೋಗಿ ನಡುಗಡಲಿನಲ್ಲಿ ಬೀಳುತ್ತದೆ! ಫೋನಿನ ಸೆಟ್ಟಿಂಗ್‌ನಲ್ಲೇ ದಶಮಾಂಶ ಆರಿಸಿಕೊಂಡು ಐದು ಸ್ಥಾನ ಬರೆಯಿರಿ. ಐದನೇ ಸ್ಥಾನ ಎಂದರೆ ನೆಲದ ಮೇಲೆ ಸುಮಾರು ಒಂದು ಮೀಟರ್. ಅದಕ್ಕಿಂತ ಜಾಸ್ತಿ ಬರೆದು ಉಪಯೋಗವಿಲ್ಲ, ಫೋನಿಗೆ ಅಷ್ಟು ನಿಖರತೆ ಇರುವುದಿಲ್ಲ.

ಅಂಕಿ ಬರೆಯುವುದು

ಉಷ್ಣತೆ, ಪಿಎಚ್, ವಿದ್ಯುತ್ ವಾಹಕತೆಗಳನ್ನು ದಡದಲ್ಲೇ ಅಳೆದು ಆಗಲೇ ಬರೆಯಿರಿ. ವಾಹಕತೆಯ ಮೀಟರಿನಲ್ಲಿ ಅಂಕಿಯ ಪಕ್ಕದ ಚಿಕ್ಕ ಅಕ್ಷರ ನೋಡಲೇಬೇಕು. ಸಿಹಿನೀರಿಗೆ µS/cm ತೋರಿಸುವ ಮೀಟರ್, ಉಪ್ಪು ಜಾಸ್ತಿಯಾದರೆ ತಾನಾಗಿಯೇ mS/cm ಗೆ ಬದಲಾಗಬಹುದು. ಎರಡರ ನಡುವೆ ಸಾವಿರ ಪಟ್ಟು ಅಂತರ. ಸುಮ್ನೆ "48" ಎಂದು ಬರೆದರೆ ಅದು ಮಳೆನೀರಿನಂಥ ನೀರೋ ಸಮುದ್ರದ ನೀರೋ ಯಾರಿಗೂ ಗೊತ್ತಾಗದು. ನನ್ನ ಪುಸ್ತಕದ ಸಾಲು ಹೀಗಿರುತ್ತದೆ:

```
GUR-03 | 2025-01-11 | 10:42 | ಇಳಿತ
12.92500, 74.82778 | ±4 m
ಮೇಲ್ಪದರ, 0.3 m ಆಳ
```

ಇದರ ಕೆಳಗೆ ಅಳತೆಗಳು, ಯೂನಿಟ್ ಸಮೇತ. ಆಳವನ್ನು ಬರೆಯಲು ಕಾರಣವಿದೆ: ಉಪ್ಪುನೀರು ಭಾರ, ತಳದಲ್ಲಿ ಸೇರಿಕೊಳ್ಳುತ್ತದೆ. ಒಂದೇ ಜಾಗದಲ್ಲಿ ಮೇಲೆ ಸಿಹಿ, ಕೆಳಗೆ ಉಪ್ಪು ಇರಬಹುದು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಿರಿ. ಹಳೆಯ ಅಂಕಿಯೂ ಓದಲು ಸಿಗಬೇಕು.

ಫೋಟೊ

ಮೊದಲ ಫೋಟೊ ಚೀಟಿಯದ್ದು, ನಂಬರು ಓದುವಂತಿರಲಿ. ಆಮೇಲೆ ನೀರು ತೆಗೆದ ಜಾಗ, ಮೇಲ್ಹರಿವಿನ ಕಡೆ, ಕೆಳಹರಿವಿನ ಕಡೆ. ಚರಂಡಿ ಸೇರುವ ಬಾಯಿ ಇದ್ದರೆ ಅದನ್ನೂ ತೆಗೆಯಿರಿ, ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ಸ್ಕೇಲು ಇಡಿ. ಕ್ಯಾಮೆರಾದಲ್ಲಿ ಲೊಕೇಶನ್ ಟ್ಯಾಗ್ ಆನ್ ಆಗಿರಲಿ.

ನಾನು ಇಂಟರ್ನ್ ಆಗಿದ್ದಾಗ ಒಂದು ದಿನದ ಎಲ್ಲ ಫೋಟೊಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಫೋನಿನಲ್ಲಿ ಜಾಗ ಮಾಡಲು ಮೂಲ ಫೋಟೊಗಳನ್ನು ಅಳಿಸಿಬಿಟ್ಟೆ. ಹಾಗೆ ಕಳಿಸಿದಾಗ ಫೋಟೊದೊಳಗೆ ಅಡಗಿದ್ದ ಸ್ಥಳ, ತೆಗೆದ ಸಮಯ ಎರಡೂ ಹೋಗುತ್ತವೆ. ಮೂರು ಜಾಗಗಳ ದಡ ಒಂದೇ ತರಹ ಕಾಣುತ್ತಿತ್ತು. ಯಾವುದು ಎಲ್ಲಿಯದೆಂದು ಹೇಳಲು ನನ್ನಿಂದ ಆಗಲಿಲ್ಲ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲವನ್ನು ಕಂಪ್ಯೂಟರಿಗೆ ಹಾಕಿಡಿ.

ಅದೇ ದಿನ ಸಂಜೆ

ಪುಸ್ತಕದ ಪುಟಗಳ ಫೋಟೊ ತೆಗೆದು, ಅಂಕಿಗಳನ್ನು ಶೀಟಿಗೆ ಏರಿಸಿ. 11/1 ಎಂದು ಬರೆದರೆ ಕೆಲವು ಕಂಪ್ಯೂಟರುಗಳು ನವೆಂಬರ್ 1 ಎಂದುಕೊಳ್ಳುತ್ತವೆ, ಹಾಗಾಗಿ ವರ್ಷ-ತಿಂಗಳು-ದಿನ ಕ್ರಮವೇ ಒಳ್ಳೆಯದು. ಬಿಂದುಗಳನ್ನು ಗೂಗಲ್ ಅರ್ತ್‌ನಲ್ಲಿ ಹಾಕಿ ನೋಡಿ. ನದಿ ಬಿಟ್ಟು ಕಡಲಿಗೋ ಗುಡ್ಡಕ್ಕೋ ಹೋದ ಬಿಂದು ಅಲ್ಲೇ ಕಣ್ಣಿಗೆ ಬೀಳುತ್ತದೆ. ಕೊನೆಗೆ ಬಾಟಲಿ, ಸಾಲು, ಬಿಂದು, ಚೀಟಿಯ ಫೋಟೊ ಎಣಿಸಿ. ಆರು ಬಾಟಲಿ ಇದ್ದು ಐದೇ ಸಾಲು ಇದ್ದರೆ ಆರನೆಯದನ್ನು ನೆನಪಿನಿಂದ ತುಂಬಬೇಡಿ. ಖಾಲಿ ಬಿಡಿ. ಸೊನ್ನೆಯನ್ನೂ ಹಾಕಬೇಡಿ, ಸೊನ್ನೆ ಎಂದರೆ ಅಳೆದು ಸಿಕ್ಕ ಅಂಕಿ. "ಅಳೆದಿಲ್ಲ" ಎಂದು ಬರೆದು, ಯಾಕೆ ಅಂತ ಪಕ್ಕದಲ್ಲಿ ಸೇರಿಸಿ.