ನಾಲ್ಕೇ ಟೆಂಪ್ಲೇಟ್‌ನಲ್ಲಿ ನಮ್ಮ ವೈನಿಯ ಚಟ್ನಿ ಪುಡಿ ಪೇಜ್ ನಡೀತಿರೋ ಕಥೆ

ಮೊದಲೇ ಹೇಳ್ಬಿಡ್ತೀನಿ, ನಾನು ಡಿಸೈನರ್ ಅಲ್ಲ, ಟ್ಯಾಲಿ ಎಂಟ್ರಿ ಮಾಡ್ಕೊಂಡಿರೋ ಮನುಷ್ಯ. ನಮ್ಮ ವೈನಿ ಹುಬ್ಬಳ್ಳಿಲಿ ಮನೇಲೇ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾಡಿ ಮಾರ್ತಾರೆ, ಆರ್ಡರ್ ಎಲ್ಲಾ ವಾಟ್ಸಾಪ್ ಮತ್ತು ಇನ್‌ಸ್ಟಾದಿಂದ. ಪೋಸ್ಟ್ ಮಾಡೋದು ಒಂದಿನ ವೈನಿ, ಒಂದಿನ ಅವರ ಮಗಳು, ಹಬ್ಬ ಬಂದ್ರೆ ನಾನು. ಒಬ್ಬೊಬ್ಬರದು ಒಂದೊಂದು ಬಣ್ಣ, ಒಂದೊಂದು ಫಾಂಟ್. ಒಂದಿನ ವೈನಿನೇ ಪೇಜ್ ನೋಡಿ, "ಇದು ನಮ್ಮದ ಅಂಗಡಿ ಅಂತ ನನಗ ಗೊತ್ತಾಗವಲ್ದು, ಮಂದಿಗೆ ಹೆಂಗ ಗೊತ್ತಾಗಬೇಕೋ?" ಅಂದ್ರು.

ಮೊದಲು ನಾನು ಮಾಡಿದ ತಪ್ಪು ಅಂದ್ರೆ ಕ್ಯಾನ್ವಾ ಅನ್ನೋ ಡಿಸೈನ್ ಆಪ್‌ನಲ್ಲಿ ಚಂದ ಕಂಡ ಇಪ್ಪತ್ತು ರೆಡಿ ಟೆಂಪ್ಲೇಟ್ ಎತ್ಕೊಂಡು ಇಟ್ಟಿದ್ದು. ಇಂಗ್ಲಿಷ್‌ನಲ್ಲಿ ಒಳ್ಳೆ ಕೆಫೆ ಥರ ಕಾಣ್ತಿತ್ತು, ಅದೇ ಜಾಗದಲ್ಲಿ ಕನ್ನಡ ಟೈಪ್ ಮಾಡಿದ ಕೂಡ್ಲೇ ಮುಗೀತು. ಆ ಇಂಗ್ಲಿಷ್ ಫಾಂಟ್‌ನಲ್ಲಿ ಕನ್ನಡ ಅಕ್ಷರನೇ ಇರಲ್ಲ, ಅದು ಇನ್ಯಾವುದೋ ಫಾಂಟ್‌ನಿಂದ ಅಕ್ಷರ ತಂದು ಹಾಕುತ್ತೆ, ನಾವು ಆರಿಸಿದ್ದು ಒಂದು, ಕಾಣೋದು ಇನ್ನೊಂದು. ಆಮೇಲೆ ಒತ್ತಕ್ಷರ. "ಬೆಳ್ಳುಳ್ಳಿ" ಅಂತ ಹಾಕಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು ತಲೆ ಮೇಲೆ ಕೂತ್ಕೊಳ್ಳೋದು. ಇಂಗ್ಲಿಷ್ ಹೆಡಿಂಗ್ ಸ್ಟೈಲಾಗಿ ಕಾಣ್ಲಿ ಅಂತ ಅಕ್ಷರಗಳ ಮಧ್ಯೆ ಗ್ಯಾಪ್ ಕೊಟ್ಟಿರ್ತಾರಲ್ಲ, ಅದೇ ಗ್ಯಾಪ್ ಕನ್ನಡಕ್ಕೆ ಬಂದ್ರೆ ಪದ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ.

ಹಾಗಾಗಿ ಎಲ್ಲಾ ಬಿಸಾಕಿ ಖಾಲಿ ಪೇಜಿಂದ ಶುರು ಮಾಡಿದ್ವಿ. ಅದಕ್ಕೂ ಮುಂಚೆ ಕೂತ್ಕೊಂಡು ಹಿಂದಿನ ಮೂರು ತಿಂಗಳ ಪೋಸ್ಟ್ ಎಲ್ಲಾ ಕೆಳಗಿಂದ ಮೇಲಕ್ಕೆ ನೋಡಿದ್ವಿ, ಯಾವ್ಯಾವ ಥರದ್ದಿವೆ ಅಂತ. ನೋಡಿದ್ರೆ ನಾಲ್ಕೇ ಥರ: ಪುಡಿ ಮತ್ತು ಅದರ ರೇಟು, ಆರ್ಡರ್ ಯಾವತ್ತಿಂದ ಯಾವತ್ತಿನ ತನಕ, ಗಿರಾಕಿ ಕಳಿಸಿದ ಮೆಸೇಜು, ಹಬ್ಬದ ಶುಭಾಶಯ. ಇಷ್ಟಕ್ಕೇ ಟೆಂಪ್ಲೇಟ್ ಮಾಡಿದ್ದು, ಐದನೇದು ಬೇಕು ಅಂತ ಮಗಳು ಹಟ ಮಾಡಿದ್ರೂ ಮಾಡ್ಲಿಲ್ಲ.

ಅಳತೆ 1080 x 1350. ಇನ್‌ಸ್ಟಾ ಗ್ರಿಡ್ ಈಗ ಮೂರಕ್ಕೆ ನಾಲ್ಕರ ಆಕಾರದಲ್ಲಿ ತೋರಿಸುತ್ತೆ, ಅಂದ್ರೆ ಈ ಅಳತೆಯ ಚಿತ್ರದ ಎರಡೂ ಪಕ್ಕ ಸುಮಾರು 34 ಪಿಕ್ಸೆಲ್ ಗ್ರಿಡ್‌ನಲ್ಲಿ ಕಾಣಲ್ಲ, ಅದಕ್ಕೆ ನಾಲ್ಕೂ ಕಡೆ 80 ಬಿಟ್ಟು ಒಳಗೇ ಎಲ್ಲಾ ಬರಿ ಅಂತ ಮಾಡ್ಕೊಂಡಿದೀವಿ. ಸ್ಟೇಟಸ್, ಸ್ಟೋರಿಗೆ 1080 x 1920ರದ್ದು ಬೇರೆ ಕಾಪಿ, ಅದರಲ್ಲಿ ಮೇಲೆ ಕೆಳಗೆ 250 ಖಾಲಿ, ಯಾಕಂದ್ರೆ ಅಲ್ಲಿ ಹೆಸರು, ರಿಪ್ಲೈ ಬಾಕ್ಸ್ ಬಂದು ಕೂರುತ್ತೆ.

ಬಣ್ಣ ಮೂರೇ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು #9B1C1C, ಗುರೆಳ್ಳಿನ ಕಪ್ಪು #2B2320, ಹಿನ್ನೆಲೆಗೆ ತಿಳಿ ಕೆನೆ ಬಣ್ಣ #FFF4E0. ಈ ನಂಬರ್‌ಗಳನ್ನ ವೈನಿ ಫೋನಲ್ಲಿ ಅವರಿಗೇ ಮೆಸೇಜ್ ಮಾಡಿ ಪಿನ್ ಮಾಡಿಟ್ಟಿದೀವಿ, ಕಣ್ಣಂದಾಜಲ್ಲಿ ಕೆಂಪು ಆರಿಸೋದು ಬಂದ್. ಶುರುನಲ್ಲಿ ರೇಟನ್ನೂ ಕೆಂಪಲ್ಲೇ ಹಾಕಿದ್ದೆ, ವಾಟ್ಸಾಪ್‌ನಲ್ಲಿ ಹೋದ್ಮೇಲೆ ಅಂಚು ಮಸಕು ಮಸಕು. ಫೋಟೋ ಕುಗ್ಗಿಸೋವಾಗ ಬೆಳಕಿನ ವಿವರ ಉಳಿಸಿ ಬಣ್ಣದ ವಿವರ ಜಾಸ್ತಿ ಕಡಿತಾರೆ, ಅದಕ್ಕೆ ಸಣ್ಣ ಕೆಂಪು ಅಕ್ಷರಕ್ಕೇ ಮೊದಲ ಪೆಟ್ಟು. ಈಗ ಕೆಂಪು ಬರೀ ಪಟ್ಟಿಗೆ, ದೊಡ್ಡ ಹೆಡಿಂಗಿಗೆ. ರೇಟು, ತಾರೀಕು ಎಲ್ಲಾ ಕಪ್ಪು.

ಫಾಂಟ್ ಎರಡು, ಹೆಡಿಂಗಿಗೆ ಬಾಲೂ ತಮ್ಮ, ಉಳಿದಿದ್ದಕ್ಕೆ ನೋಟೋ ಸಾನ್ಸ್ ಕನ್ನಡ. ಎರಡೂ ಫ್ರೀ. ಅಕ್ಷರದ ಗ್ಯಾಪ್ ಸೊನ್ನೆ, ಸಾಲಿನ ಗ್ಯಾಪ್ 1.5. ಈ 1.5 ಸುಮ್ನೆ ಬಂದಿದ್ದಲ್ಲ, "ಸ್ವಾತಂತ್ರ್ಯ ದಿನಾಚರಣೆ" ಅನ್ನೋದನ್ನ ಎರಡು ಸಾಲಲ್ಲಿ ಬರೆದು, ಆ "ತ್ರ್ಯ"ದ ಒತ್ತು ಕೆಳಗಿನ ಸಾಲಿಗೆ ತಾಗದೆ ಇರೋ ತನಕ ಏರಿಸ್ತಾ ಹೋಗಿದ್ದು. ಆ ಪದ ಬಚಾವಾದ್ರೆ ನಮ್ಮ ಅಂಗಡಿಯ ಯಾವ ಪದನೂ ಬಚಾವು.

ಇದನ್ನೇ ಉಳಿದಿದ್ದಕ್ಕೂ ಮಾಡಿದೆ. ಟೆಂಪ್ಲೇಟ್ ಮಾಡೋವಾಗ ಚಂದದ ಫೋಟೋ, ಚಿಕ್ಕ ಹೆಸರು ಇಟ್ಕೊಂಡು ಮಾಡಿದ್ರೆ ಮೊದಲ ದಿನ ಮಾತ್ರ ಚಂದ. ನಾನು ನಮ್ಮ ಹತ್ರ ಇರೋ ಅತಿ ಉದ್ದದ ಹೆಸರು "ಬೆಳ್ಳುಳ್ಳಿ ಹಾಕಿದ ಗುರೆಳ್ಳು ಚಟ್ನಿ ಪುಡಿ", ಜೊತೆಗೆ ಟ್ಯೂಬ್‌ಲೈಟ್ ಕೆಳಗೆ ತೆಗೆದ ಹಳದಿ ಹಳದಿ ಫೋಟೋ, ಇವೆರಡನ್ನೇ ಹಾಕ್ಕೊಂಡು ಕೂತೆ. ಹೆಡಿಂಗು ಎರಡು ಸಾಲಾದ್ರೆ ಕೆಳಗಿನ ರೇಟಿನ ಮೇಲೆ ಹರೀತಿತ್ತು, ಅದಕ್ಕೆ ಸ್ಪೇಸಿಂಗ್ ಒಳಗೆ Anchor text box ಅಂತಿದೆ ನೋಡಿ, ಅದನ್ನ ಕೆಳಗಿನದಕ್ಕೆ ಇಟ್ಟೆ, ಈಗ ಹೆಸರು ಉದ್ದ ಆದ್ರೆ ಅಕ್ಷರ ಮೇಲಕ್ಕೆ ಬೆಳೆಯುತ್ತೆ, ರೇಟು ಜಾಗದಲ್ಲೇ ಇರುತ್ತೆ. ಫೋಟೋಗೆ ಫ್ರೇಮ್ ಇಟ್ಟಿದೀನಿ, ಎಳೆದು ಬಿಟ್ರೆ ಅದೇ ಆಕಾರಕ್ಕೆ ಕತ್ತರಿಸಿಕೊಳ್ಳುತ್ತೆ. ಅಕ್ಷರ ಫೋಟೋ ಮೇಲೆ ಯಾವತ್ತೂ ಬರಲ್ಲ, ಕೆಳಗಿನ ಕೆನೆ ಬಣ್ಣದ ಜಾಗದಲ್ಲೇ. ಹಾಗಾಗಿ ಫೋಟೋ ಕಪ್ಪಗಿರ್ಲಿ ಬೆಳ್ಳಗಿರ್ಲಿ ಓದೋಕೆ ತೊಂದರೆ ಇಲ್ಲ. ಲೋಗೋ, ಪಟ್ಟಿ, ಫೋನ್ ನಂಬರ್ ಎಲ್ಲಾ ಲಾಕ್.

(ಲೇಬಲ್ ಮೇಲಿನ ಬರಹ ಪ್ರಿಂಟಿಂಗ್ ಪ್ರೆಸ್‌ನಿಂದ ಬಂದಿತ್ತು, ಪೇಸ್ಟ್ ಮಾಡಿದ್ರೆ `PÀ£ÀßqÀ` ಅಂತ ಏನೇನೋ. ಹಳೇ ನುಡಿ ಫಾಂಟಿನದ್ದು, ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರ್‌ಗೆ ಹಾಕಿದ್ಮೇಲೆ ಸರಿಹೋಯ್ತು.)

ಎರಡು ತಿಂಗಳು ಚೆನ್ನಾಗೇ ನಡೀತು, ಆಮೇಲೆ ಎಡವಟ್ಟಾಯ್ತು. ವೈನಿ ಟೆಂಪ್ಲೇಟ್ ತೆಗೆಯೋ ಬದಲು ಹೋದ ಸಲದ ಪೋಸ್ಟನ್ನೇ ಕಾಪಿ ಮಾಡಿ, ಹೆಸರು ಫೋಟೋ ಬದಲಾಯಿಸಿ, ರೇಟು ಬದಲಾಯಿಸೋದು ಮರೆತ್ರು. ಶೇಂಗಾ ಚಟ್ನಿ ರೇಟಲ್ಲಿ ಅಗಸಿ ಚಟ್ನಿ ಹೋಯ್ತು, ಆರ್ಡರ್ ಕೊಟ್ಟೋರಿಗೆ ಅದೇ ರೇಟಿಗೆ ಕೊಡಬೇಕಾಯ್ತು. ತಪ್ಪು ವೈನಿದಲ್ಲ, ನಂದು. ಸರಿಯಾಗೇ ಕಾಣೋ ಹಳೇ ರೇಟು ಕಣ್ಣಿಗೆ ತಪ್ಪು ಅಂತ ಹೊಳೆಯಲ್ಲ. ಈಗ ಟೆಂಪ್ಲೇಟಲ್ಲಿ ರೇಟಿನ ಜಾಗದಲ್ಲಿ "₹000", ತಾರೀಕಿನ ಜಾಗದಲ್ಲಿ "ತಾರೀಕು ಹಾಕಿ" ಅಂತಿದೆ, ಫೋಟೋ ಜಾಗ ಬರೀ ಬೂದು. ಮರೆತ್ರೆ ಪೋಸ್ಟ್ ಮಾಡೋಕೆ ಮುಂಚೆನೇ ಅಸಹ್ಯವಾಗಿ ಕಾಣುತ್ತೆ. ಅಸಲಿ ಫೈಲು ನನ್ನ ಅಕೌಂಟಲ್ಲಿರುತ್ತೆ, ತಿಂಗಳ ಶುರುವಿಗೆ Make a copy ಮಾಡಿ "ಜೂನ್", "ಜುಲೈ" ಅಂತ ಹೆಸರಿಟ್ಟು ಅದನ್ನ ಮಾತ್ರ ಅವರಿಗೆ ಶೇರ್ ಮಾಡ್ತೀನಿ. ಅದರಲ್ಲಿ ಏನು ಮಾಡ್ಕೊಂಡ್ರೂ ಅಸಲಿಗೆ ಏನೂ ಆಗಲ್ಲ.

ಮೊದಲು ಒಂದು ಪೋಸ್ಟಿಗೆ ಮುಕ್ಕಾಲು ಗಂಟೆ ಹೋಗ್ತಿತ್ತು, ಈಗ ವೈನಿ ಒಬ್ಬರೇ ಒಲೆ ಮೇಲೆ ಶೇಂಗಾ ಹುರಿಯೋಕಿಟ್ಟು ಮಾಡ್ತಾರೆ. ಒಂದ್ಸಲ ಶೇಂಗಾ ಹೊತ್ತಿತು, ಅದು ಬೇರೆ ಮಾತು.

ಹಬ್ಬದ ಟೆಂಪ್ಲೇಟ್ ಮಾತ್ರ ಇನ್ನೂ ಸರಿ ಇಲ್ಲ. ಸಂಕ್ರಾಂತಿಗೂ ದೀಪಾವಳಿಗೂ ಅದೇ ಕೆಂಪು ಪಟ್ಟಿ, ಅದೇ ಕೆನೆ ಬಣ್ಣ, ಸಪ್ಪೆ ಅನ್ಸುತ್ತೆ. ಅದಕ್ಕೆ ಪಟ್ಟಿ ಮೇಲಿನ ಒಂದು ಚಿಕ್ಕ ಚಿತ್ರ ಮಾತ್ರ ಬದಲಾಯಿಸೋಕೆ ಬಿಟ್ಟಿದೀನಿ, ಎಳ್ಳು ಬೆಲ್ಲನೋ ಹಣತೆನೋ. ಮಗಳು ಹೋದ ಸಲ ಅಲ್ಲಿ ಮಿನುಗೋ ಪಟಾಕಿ ಹಾಕಿದ್ಲು. ತೆಗಿ ಅಂದ್ರೆ "ಕಾಕಾ, ಚಿತ್ರ ಬದಲಾಯಿಸಬಹುದು ಅಂತ ನೀವ ಹೇಳೀರಿ" ಅಂದ್ಲು.