ಲ್ಯಾವೆಂಡರ್ ಸ್ಪ್ರೇ ನಿಜಕ್ಕೂ ನಿದ್ದೆ ತರುತ್ತದೆಯೇ? ಮೂರು ಬಾಟಲಿ, ಮೂವತ್ತು ರಾತ್ರಿಯ ಲೆಕ್ಕ

ದಿಂಬಿಗೆ ಲ್ಯಾವೆಂಡರ್ ಸ್ಪ್ರೇ ಹೊಡೆದು ಮಲಗಿದ ರಾತ್ರಿ ಒಳ್ಳೆಯ ನಿದ್ದೆ ಬಂತು ಅಂದರೆ ಅದಕ್ಕೆ ಮೂರು ಕಾರಣಗಳಿರಬಹುದು. ಲ್ಯಾವೆಂಡರ್ ಎಣ್ಣೆಯಲ್ಲೇ ಅಂಥ ಗುಣ ಇರಬಹುದು. ಯಾವುದೇ ಹಿತವಾದ ವಾಸನೆಗೂ ಮೈಮನಸ್ಸು ಹಗುರಾಗುವುದಿರಬಹುದು. ಅಥವಾ ‘ಇವತ್ತು ನಿದ್ದೆ ಬಂದೇ ಬರುತ್ತೆ’ ಅನ್ನುವ ನಂಬಿಕೆಯೇ ಕೆಲಸ ಮಾಡಿರಬಹುದು. ಒಂದೇ ಬಾಟಲಿ ಇಟ್ಟುಕೊಂಡು ಈ ಮೂರನ್ನು ಬಿಡಿಸಿ ನೋಡಲು ಸಾಧ್ಯವಿಲ್ಲ. ಅದಕ್ಕೇ ನಾನು ಮೂರು ಬಾಟಲಿ ಮಾಡಿಕೊಂಡು 30 ರಾತ್ರಿ ಲೆಕ್ಕ ಇಟ್ಟೆ.

ಮೊದಲು ಸಂಶೋಧನೆಗಳ ಮಾತು. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 31 ಮಂದಿ ಆರೋಗ್ಯವಂತ ಯುವಕ ಯುವತಿಯರನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ, ಒಂದು ರಾತ್ರಿ ಲ್ಯಾವೆಂಡರ್, ಇನ್ನೊಂದು ರಾತ್ರಿ ಬರೀ ಡಿಸ್ಟಿಲ್ಡ್ ವಾಟರ್ ಮೂಸಲು ಕೊಟ್ಟರು. ಲ್ಯಾವೆಂಡರ್ ರಾತ್ರಿ ಗಾಢ ನಿದ್ದೆಯ ಪಾಲು ಹೆಚ್ಚಿತ್ತು. ಆದರೆ ಗಮನಿಸಬೇಕಾದ ವಿಷಯ ಎಂದರೆ ಅವರಿಗೆ ನಿದ್ದೆಯ ತೊಂದರೆಯೇ ಇರಲಿಲ್ಲ, ಮತ್ತು ನೀರು ಯಾವುದು ಲ್ಯಾವೆಂಡರ್ ಯಾವುದು ಎಂದು ಮೂಗಿಗೆ ಗೊತ್ತಾಗಿಯೇ ಆಗುತ್ತದೆ. 2015ರಲ್ಲಿ ಅಮೆರಿಕದಲ್ಲಿ ನಿದ್ದೆ ಸರಿಯಿಲ್ಲ ಎನ್ನುತ್ತಿದ್ದ 79 ಕಾಲೇಜು ವಿದ್ಯಾರ್ಥಿಗಳ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಎಲ್ಲರಿಗೂ ಒಳ್ಳೆಯ ಮಲಗುವ ಅಭ್ಯಾಸಗಳನ್ನು ಹೇಳಿಕೊಟ್ಟು, ಅರ್ಧ ಜನರ ಎದೆಗೆ ಲ್ಯಾವೆಂಡರ್ ಪ್ಯಾಚ್, ಉಳಿದವರಿಗೆ ಖಾಲಿ ಪ್ಯಾಚ್ ಅಂಟಿಸಿದರು. ‘ನಿದ್ದೆ ಚೆನ್ನಾಗಿದೆ’ ಎಂದು ಲ್ಯಾವೆಂಡರ್ ಗುಂಪು ಹೆಚ್ಚು ಅಂಕ ಕೊಟ್ಟಿತು. ಮಲಗಿದ ಗಂಟೆಗಳ ಲೆಕ್ಕದಲ್ಲಿ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 2008ರ ಐರ್ಲೆಂಡಿನ ಒಂದು ಅಧ್ಯಯನ. ಅಲ್ಲಿ 96 ವಿದ್ಯಾರ್ಥಿನಿಯರಿಗೆ ವಾಸನೆಯ ಜೊತೆಗೆ ಅದರಿಂದ ಏನಾಗುತ್ತದೆ ಎಂಬ ಮಾತನ್ನೂ ಬೇರೆ ಬೇರೆಯಾಗಿ ಹೇಳಲಾಯಿತು. ಮೈ ಹಗುರಾಗುವುದರಲ್ಲಿ ಕಂಡ ವ್ಯತ್ಯಾಸಕ್ಕೆ ಲ್ಯಾವೆಂಡರ್ ಕಾರಣವಾಗಿರಲಿಲ್ಲ, ಅವರಲ್ಲಿ ಹುಟ್ಟಿಸಿದ ನಿರೀಕ್ಷೆ ಕಾರಣವಾಗಿತ್ತು. ಹಾಗೆಂದು ಲ್ಯಾವೆಂಡರ್ ಬರೀ ಭ್ರಮೆ ಎಂದೂ ಹೇಳಲಾಗದು. 2018ರಲ್ಲಿ ಜಪಾನಿನ ಕಾಗೋಶಿಮಾ ವಿಶ್ವವಿದ್ಯಾಲಯದವರು ಲ್ಯಾವೆಂಡರ್‌ನ ಮುಖ್ಯ ಘಟಕವಾದ ಲಿನಲೂಲ್ ಅನ್ನು ಇಲಿಗಳಿಗೆ ಮೂಸಿಸಿದಾಗ ಅವುಗಳ ಆತಂಕ ಕಡಿಮೆಯಾಯಿತು. ವಾಸನೆ ಹಿಡಿಯುವ ಶಕ್ತಿ ಕಳೆದುಕೊಂಡ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಅಂದರೆ ಇಲಿಗಳಲ್ಲಿ ಆ ಕೆಲಸ ಮೂಗಿನ ಮೂಲಕವೇ ಆಗುತ್ತದೆ. ಆದರೆ ಆತಂಕ ತಗ್ಗುವುದು ಬೇರೆ, ಮನುಷ್ಯ ರಾತ್ರಿಯಿಡೀ ನಿದ್ದೆ ಮಾಡುವುದು ಬೇರೆ. ಅಂದ ಹಾಗೆ, ನಮ್ಮ ಕೊತ್ತಂಬರಿ ಬೀಜದ ಎಣ್ಣೆಯಲ್ಲೂ ಅರ್ಧಕ್ಕಿಂತ ಹೆಚ್ಚು ಇರುವುದು ಇದೇ ಲಿನಲೂಲ್.

ಇನ್ನು ಬಾಟಲಿ ತಯಾರಿ. ಎಣ್ಣೆ ಕೊಳ್ಳುವಾಗ ಲೇಬಲ್ ಮೇಲೆ ‘ಲ್ಯಾವೆಂಡುಲಾ ಅಂಗುಸ್ಟಿಫೋಲಿಯಾ’ ಎಂಬ ಹೆಸರು ಇದೆಯೇ ನೋಡಬೇಕು. ಅಗ್ಗಕ್ಕೆ ಸಿಗುವ ಲ್ಯಾವೆಂಡಿನ್ ಮತ್ತು ಸ್ಪೈಕ್ ಲ್ಯಾವೆಂಡರ್ ಎಣ್ಣೆಗಳಲ್ಲಿ ಕರ್ಪೂರದ ಅಂಶ ಜಾಸ್ತಿ. ಒಂದು ಹನಿ ಕಾಗದದ ಮೇಲೆ ಹಾಕಿ ಮೂಸಿದಾಗ ನೆಗಡಿಗೆ ಹಚ್ಚುವ ಬಾಮಿನ ಘಾಟು ಬಂದರೆ ಅದು ಬೇಡ. ಬರೀ ‘ಲ್ಯಾವೆಂಡರ್ ಫ್ರೇಗ್ರೆನ್ಸ್’ ಎಂದಿದ್ದರೆ ಅದು ಸೆಂಟು, ಗಿಡದ ಎಣ್ಣೆ ಅಲ್ಲದಿರಬಹುದು. ಹೆಸರು ಹತ್ತಿರ ಎಂದು ಲಾವಂಚದ ಎಣ್ಣೆಯನ್ನು ತಂದುಕೊಳ್ಳುವವರೂ ಇದ್ದಾರೆ. ಅದು ಹುಲ್ಲಿನ ಬೇರು, ಸಂಬಂಧವೇ ಇಲ್ಲ.

ಎಣ್ಣೆ ನೀರಿನಲ್ಲಿ ಕರಗುವುದಿಲ್ಲ ಎಂಬುದನ್ನು ಮನೆಯಲ್ಲಿ ಸ್ಪ್ರೇ ಮಾಡುವವರು ಮರೆಯುತ್ತಾರೆ. ನೀರಿಗೆ ಹತ್ತು ಹನಿ ಹಾಕಿ ಕುಲುಕಿದರೆ ಒಂದು ನಿಮಿಷದಲ್ಲಿ ಎಣ್ಣೆ ಮೇಲೆ ಬಂದು ಕೂರುತ್ತದೆ. ಸ್ಪ್ರೇಯ ನಳಿಕೆ ತಳದಿಂದ ಎಳೆಯುವುದರಿಂದ ಮೊದಮೊದಲು ಬರೀ ನೀರು ಬರುತ್ತದೆ, ಬಾಟಲಿ ಖಾಲಿಯಾಗುವ ಹೊತ್ತಿಗೆ ಅಚ್ಚ ಎಣ್ಣೆ ಬಟ್ಟೆ ಮೇಲೆ ಬಿದ್ದು ಕಲೆಯಾಗುತ್ತದೆ, ಕೆನ್ನೆಗೆ ತಾಗಿದರೆ ಉರಿಯುತ್ತದೆ. ಇದನ್ನು ತಪ್ಪಿಸಲು ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ಪಾಲಿಸಾರ್ಬೇಟ್ 20 ಎಂಬ ದ್ರವ ಬೇಕು. ಸಾಬೂನು ತಯಾರಿಸುವ ಸಾಮಾನು ಮಾರುವವರಲ್ಲಿ ಸಿಗುತ್ತದೆ.

30 ಮಿಲಿಯ ಬಾಟಲಿಗೆ ನನ್ನ ಅಳತೆ ಹೀಗೆ: ಎಣ್ಣೆ 0.3 ಮಿಲಿ, ಅಂದರೆ ಸುಮಾರು 6 ಹನಿ. ಪಾಲಿಸಾರ್ಬೇಟ್ 1.2 ಮಿಲಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು. ಇವೆರಡನ್ನು ಮೊದಲು ಸಣ್ಣ ಗಾಜಿನ ಲೋಟದಲ್ಲಿ ಒಂದಾಗುವ ತನಕ ಕಲಕಬೇಕು. ಆಮೇಲೆ ಡಿಸ್ಟಿಲ್ಡ್ ವಾಟರ್ ಅನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ 30 ಮಿಲಿ ಮಾಡಬೇಕು. ನೀರು ಮೊದಲು ಹಾಕಿದರೆ ಸರಿಯಾಗಿ ಬೆರೆಯದು. ಒಂದು ಗಂಟೆ ಬಿಟ್ಟು ನೋಡಿದಾಗ ತಿಳಿಯಾಗಿದ್ದರೆ ಅಥವಾ ತುಸು ಮಂಜಾಗಿದ್ದರೆ ಸರಿ. ಮೇಲೆ ಬಣ್ಣಬಣ್ಣದ ಪೊರೆ ತೇಲುತ್ತಿದ್ದರೆ ಪಾಲಿಸಾರ್ಬೇಟ್ ಸಾಲದಾಗಿದೆ. ಕೆಡದಂತೆ ಏನೂ ಹಾಕಿಲ್ಲವಾದ್ದರಿಂದ ಫ್ರಿಜ್ಜಿನಲ್ಲಿಟ್ಟು ವಾರಕ್ಕೊಮ್ಮೆ ಚೆಲ್ಲಿ ಹೊಸದಾಗಿ ಮಾಡುತ್ತಿದ್ದೆ.

ಎರಡನೆಯ ಬಾಟಲಿಗೆ ಇದೇ ಅಳತೆಯಲ್ಲಿ ಸಿಹಿ ಕಿತ್ತಳೆಯ ಎಣ್ಣೆ. ಮೂರನೆಯದಕ್ಕೆ ಎಣ್ಣೆಯಿಲ್ಲ, ಬರೀ ನೀರು ಮತ್ತು ಪಾಲಿಸಾರ್ಬೇಟ್. ಕಿತ್ತಳೆ ಯಾಕೆಂದರೆ ವಾಸನೆ ಹಿತ, ಬೇಗ ಆರಿಹೋಗುತ್ತದೆ. ಲಾವಂಚವನ್ನೂ ಯೋಚಿಸಿದ್ದೆ, ಆದರೆ ಅದರ ವಾಸನೆ ಬಟ್ಟೆಯಲ್ಲಿ ದಿನಗಟ್ಟಲೆ ಕೂರುತ್ತದೆ. ಮರುದಿನದ ಲೆಕ್ಕವೂ ಕೆಡುತ್ತದೆ.

ಈ ಕಾರಣಕ್ಕೇ ದಿಂಬಿಗೆ ನೇರವಾಗಿ ಸ್ಪ್ರೇ ಹೊಡೆಯಲಿಲ್ಲ. ದಿಂಬಿನ ಹತ್ತಿ ಒಮ್ಮೆ ವಾಸನೆ ಕುಡಿದರೆ ಬಿಡುವುದಿಲ್ಲ. ಮೂರು ಕರವಸ್ತ್ರ ತೆಗೆದುಕೊಂಡು, ಒಂದೊಂದು ಬಾಟಲಿಗೆ ಒಂದೊಂದು ಎಂದು ಗೊತ್ತುಮಾಡಿ, ಬೇರೆ ಬೇರೆ ಜಿಪ್ ಕವರಿನಲ್ಲಿ ಬೇರೆ ಕೋಣೆಯಲ್ಲಿಟ್ಟೆ. ಮಲಗುವ ಅರ್ಧ ಗಂಟೆ ಮೊದಲು ಒಂದು ಅಡಿ ದೂರದಿಂದ ಮೂರು ಸಲ ಹೊಡೆದು, ಮುಖಕ್ಕೆ ತಾಗದಂತೆ ದಿಂಬಿನ ಅಂಚಿನಲ್ಲಿ ಇಡುವುದು. ಹೆಚ್ಚು ಹೊಡೆದು ಉಪಯೋಗವಿಲ್ಲ. ಕೆಲವೇ ನಿಮಿಷಗಳಲ್ಲಿ ಮೂಗು ಆ ವಾಸನೆಗೆ ಹೊಂದಿಕೊಂಡು ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ನಿದ್ದೆ ಹತ್ತಿದ ಮೇಲಂತೂ ಇನ್ನೂ ಕಡಿಮೆ. 2004ರ ಒಂದು ಪ್ರಯೋಗದಲ್ಲಿ ಗಾಢ ನಿದ್ದೆಯಲ್ಲಿದ್ದವರ ಮೂಗಿಗೆ ಪಿರಿಡೀನ್ ಎಂಬ ಕೊಳೆತ ಮೀನಿನಂಥ ನಾತದ ವಸ್ತು ಹಿಡಿದರೂ ಅವರು ಏಳಲಿಲ್ಲ. ಆದ್ದರಿಂದ ವಾಸನೆ ಏನಾದರೂ ಮಾಡುವುದಿದ್ದರೆ ಅದು ಎಚ್ಚರದಿಂದ ನಿದ್ದೆಗೆ ಜಾರುವ ಹೊತ್ತಿನಲ್ಲಿ ಎಂಬುದು ನನ್ನ ಅಭಿಪ್ರಾಯ. ರಾತ್ರಿಯಿಡೀ ಡಿಫ್ಯೂಸರ್ ಹಚ್ಚಿಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಯಾವ ರಾತ್ರಿ ಯಾವ ಬಾಟಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಮೂರು ಚೀಟಿ ಮಡಿಸಿ ಡಬ್ಬಿಗೆ ಹಾಕಿ ದಿನಕ್ಕೊಂದು ಎತ್ತಿದರೆ ಮೂರು ರಾತ್ರಿಗೆ ಒಂದು ಸುತ್ತು ಮುಗಿಯುತ್ತದೆ, ಹತ್ತು ಸುತ್ತಿಗೆ 30 ರಾತ್ರಿ. ಮನಸ್ಸಿಗೆ ಬಂದಂತೆ ಆರಿಸಿದರೆ ತಲೆ ಬಿಸಿಯಾದ ದಿನ ಕೈ ತಾನಾಗಿ ಲ್ಯಾವೆಂಡರ್ ಕಡೆ ಹೋಗುತ್ತದೆ. ಆ ರಾತ್ರಿ ಹೇಗೂ ನಿದ್ದೆ ಕೆಟ್ಟಿರುತ್ತದೆ, ಲ್ಯಾವೆಂಡರ್‌ಗೆ ವೃಥಾ ಕೆಟ್ಟ ಹೆಸರು.

ಬೆಳಿಗ್ಗೆ ಎದ್ದು ಹತ್ತು ನಿಮಿಷದೊಳಗೆ ನೋಟ್‌ಬುಕ್ಕಿನಲ್ಲಿ ಬರೆಯುವುದು: ಹಾಸಿಗೆಗೆ ಹೋದದ್ದು, ನಿದ್ದೆ ಹತ್ತಲು ಹಿಡಿದ ಹೊತ್ತು, ನಡುವೆ ಎಚ್ಚರವಾಗಿದ್ದ ಹೊತ್ತು, ಕೊನೆಗೆ ಎಚ್ಚರವಾದದ್ದು, ಹಾಸಿಗೆ ಬಿಟ್ಟದ್ದು. ಉದಾಹರಣೆಗೆ 10:30ಕ್ಕೆ ಮಲಗಿ, ನಿದ್ದೆ ಹತ್ತಲು 45 ನಿಮಿಷ, ನಡುವೆ 30 ನಿಮಿಷ ಎಚ್ಚರ, 6ಕ್ಕೆ ಎಚ್ಚರ, 6:30ಕ್ಕೆ ಎದ್ದದ್ದು. ಹಾಸಿಗೆಯಲ್ಲಿ ಕಳೆದದ್ದು 480 ನಿಮಿಷ, ನಿದ್ದೆ ಮಾಡಿದ್ದು 375. ಭಾಗಿಸಿದರೆ ಶೇಕಡ 78. ರಾತ್ರಿ ಗಡಿಯಾರ ನೋಡಬಾರದು, ನೋಡಿದರೆ ಅದೇ ನಿದ್ದೆ ಕೆಡಿಸುತ್ತದೆ. ಬೆಳಗಿನ ಅಂದಾಜು ಸಾಕು. ಕೈಗೆ ಕಟ್ಟುವ ಬ್ಯಾಂಡನ್ನು ಮಾತ್ರ ನಂಬಿದರೆ ಅಲುಗಾಡದೆ ಕಣ್ಣುಬಿಟ್ಟು ಮಲಗಿದ್ದನ್ನೂ ಅದು ನಿದ್ದೆಗೆ ಸೇರಿಸಿಬಿಡುತ್ತದೆ.

ಸರಾಸರಿ ನೋಡಿದಾಗ ನಿದ್ದೆ ಹತ್ತಲು ಲ್ಯಾವೆಂಡರ್ ರಾತ್ರಿಗಳಲ್ಲಿ 21 ನಿಮಿಷ, ಕಿತ್ತಳೆಯಲ್ಲಿ 22, ಖಾಲಿ ಬಾಟಲಿಯಲ್ಲಿ 27. ಇಷ್ಟಕ್ಕೇ ‘ಆರು ನಿಮಿಷ ಉಳಿಯಿತು’ ಎನ್ನುವುದು ತಪ್ಪು, ಯಾಕೆಂದರೆ ಒಂದೇ ಬಾಟಲಿಯ ರಾತ್ರಿಗಳಲ್ಲೇ 10 ನಿಮಿಷದಿಂದ 55ರ ತನಕ ಏರಿಳಿತವಿತ್ತು. ಸುತ್ತುಗಳನ್ನು ಎಣಿಸುವುದು ಇದಕ್ಕಿಂತ ನಂಬಿಕೆಯ ದಾರಿ. ಹತ್ತು ಸುತ್ತಿನಲ್ಲಿ ಲ್ಯಾವೆಂಡರ್ ಖಾಲಿ ಬಾಟಲಿಯನ್ನು ಗೆದ್ದದ್ದು 7, ಕಿತ್ತಳೆಯನ್ನು ಗೆದ್ದದ್ದು 5. ಎರಡು ಬಾಟಲಿಗೂ ಏನೇನೂ ವ್ಯತ್ಯಾಸವಿಲ್ಲದಿದ್ದರೂ, ನಾಣ್ಯ ಚಿಮ್ಮಿದ ಹಾಗೆ, ಯಾವುದೋ ಒಂದು 8 ಅಥವಾ ಅದಕ್ಕೂ ಹೆಚ್ಚು ಸುತ್ತು ಗೆಲ್ಲುವುದು ಸುಮಾರು ಒಂಬತ್ತರಲ್ಲಿ ಒಂದು ಸಲ ಆಗಿಯೇ ಆಗುತ್ತದೆ. 9 ದಾಟಿದರೆ ಮಾತ್ರ ನಾನು ಗಣನೆಗೆ ತೆಗೆದುಕೊಳ್ಳುತ್ತೇನೆ. ನಡುರಾತ್ರಿಯ ಎಚ್ಚರದಲ್ಲಿ ಮೂರಕ್ಕೂ ಭೇದ ಕಾಣಲಿಲ್ಲ. ‘ಬೆಳಿಗ್ಗೆ ಹೇಗನ್ನಿಸಿತು’ ಎಂದು ಕೊಟ್ಟ ಅಂಕ ಮಾತ್ರ ಎರಡೂ ವಾಸನೆಯ ರಾತ್ರಿಗಳಲ್ಲಿ ತುಸು ಮೇಲಿತ್ತು. ಕಾಲೇಜು ವಿದ್ಯಾರ್ಥಿಗಳ ಪ್ರಯೋಗವೂ ಹೆಚ್ಚುಕಡಿಮೆ ಇದನ್ನೇ ತೋರಿಸಿತ್ತು: ಅನ್ನಿಸಿಕೆ ಬದಲಾಗುತ್ತದೆ, ಗಂಟೆ ಬದಲಾಗುವುದಿಲ್ಲ.

ಈ ಲೆಕ್ಕಕ್ಕೆ ಒಂದು ದೊಡ್ಡ ಮಿತಿ ಇದೆ. ಮಾತ್ರೆಯಾದರೆ ಒಂದೇ ಥರದ ಸಕ್ಕರೆ ಮಾತ್ರೆ ಮಾಡಿ ಅಡಗಿಸಬಹುದು, ವಾಸನೆಯನ್ನು ಅಡಗಿಸಲು ಆಗದು. ಚೀಟಿ ಎತ್ತಿದರೂ ಮೂಗು ಗುಟ್ಟು ಬಿಟ್ಟುಕೊಡುತ್ತದೆ. ಕಿತ್ತಳೆಯ ಬಾಟಲಿ ಸ್ವಲ್ಪ ಮಟ್ಟಿಗೆ ಇದನ್ನು ಸರಿದೂಗಿಸುತ್ತದೆ, ಪೂರ್ತಿ ಅಲ್ಲ. ಮನೆಯವರಿಗೆ ಮಾಡಿಕೊಡುವುದಾದರೆ ‘ನಿದ್ದೆಯ ಎಣ್ಣೆ ಒಂದು’, ‘ನಿದ್ದೆಯ ಎಣ್ಣೆ ಎರಡು’ ಎಂದಷ್ಟೇ ಬರೆದು ಕೊಟ್ಟರೆ ನಂಬಿಕೆ ಎರಡಕ್ಕೂ ಹೆಚ್ಚುಕಡಿಮೆ ಸಮನಾಗುತ್ತದೆ.

ಉಬ್ಬಸ ಇರುವವರ ಕೋಣೆಯಲ್ಲಿ, ಹಸುಗೂಸಿನ ಬಳಿ ಮತ್ತು ಬೆಕ್ಕು ಮಲಗುವ ಹಾಸಿಗೆಯಲ್ಲಿ ಇದನ್ನು ಬಳಸಬಾರದು, ಬೆಕ್ಕಿನ ಪಿತ್ತಜನಕಾಂಗಕ್ಕೆ ಇಂಥ ಎಣ್ಣೆಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಕಡಿಮೆ. ಸ್ಪ್ರೇ ಬದಲು ಊದಿನಕಡ್ಡಿ ಹಚ್ಚಿ ಕಿಟಕಿ ಮುಚ್ಚಿ ಮಲಗುವುದು ಇನ್ನೂ ಕೆಟ್ಟದ್ದು, ಅದು ವಾಸನೆಯ ಜೊತೆ ಹೊಗೆಯನ್ನೂ ಎದೆಗೆ ತುಂಬುತ್ತದೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳಿಂದ ನಿದ್ದೆ ಕೆಡುತ್ತಿದ್ದರೆ, ಅಥವಾ ಜೋರು ಗೊರಕೆಯ ನಡುವೆ ಉಸಿರು ನಿಲ್ಲುತ್ತಿದೆ ಎಂದು ಪಕ್ಕದಲ್ಲಿ ಮಲಗುವವರು ಹೇಳಿದರೆ, ಬಾಟಲಿ ಬದಿಗಿಟ್ಟು ವೈದ್ಯರನ್ನು ಕಾಣಬೇಕು.

ಎಣ್ಣೆಯ ಬಾಟಲಿಯ ಮೇಲೆ ಮುಚ್ಚಳ ತೆರೆದ ದಿನಾಂಕ ಬರೆದಿಡಿ. ಗಾಳಿ ತಾಗಿದ ಲಿನಲೂಲ್ ನಿಧಾನಕ್ಕೆ ಬದಲಾಗಿ ಚರ್ಮಕ್ಕೆ ಅಲರ್ಜಿ ತರುವ ವಸ್ತುವಾಗುತ್ತದೆ. ವಾಸನೆ ಚುಚ್ಚುವಂತಾಗಿದ್ದರೆ ಅಥವಾ ತೆರೆದು ಒಂದು ವರ್ಷ ದಾಟಿದ್ದರೆ ನಾನು ಅದನ್ನು ದಿಂಬಿನ ಹತ್ತಿರ ತರುವುದಿಲ್ಲ.